ವಾಲ್ವ್ ಕಾರ್ಖಾನೆಯವರಿಗೆ ಗ್ರೀನ್ ಬೆಲ್ಟ್ ಸಾಕೇ?

"ಹುಬ್ಬಳ್ಳಿ ತಾರಿಹಾಳದ ವಾಲ್ವ್ ಕಾರ್ಖಾನೆಯೊಂದರಲ್ಲಿ 4 ವರ್ಷದಿಂದ ಕ್ವಾಲಿಟಿಯಲ್ಲಿದ್ದೇನೆ, ಮೆಕ್ಯಾನಿಕಲ್ ಡಿಪ್ಲೊಮಾ. ಗ್ರೀನ್ ಬೆಲ್ಟ್ ಸಾಕಾ, ನೇರ ಬ್ಲ್ಯಾಕ್ ಬೆಲ್ಟ್‌ಗೇ ಹೋಗಲಾ? ಪ್ರಾಜೆಕ್ಟ್ ಮಾಡಲೇಬೇಕಾ?"

ಈ ಬೆಲ್ಟ್‌ಗಳು ಸಿಕ್ಸ್ ಸಿಗ್ಮಾದ, ಅಂದರೆ ಡೇಟಾ ಹಿಡಿದು ದೋಷ ಕಡಿಮೆ ಮಾಡುವ ವಿಧಾನದ, ಹಂತಗಳು. ಸದ್ಯಕ್ಕೆ ಗ್ರೀನ್ ಸಾಕು. ಪ್ರಾಜೆಕ್ಟ್ ಕಡ್ಡಾಯವೋ ಅಲ್ಲವೋ ಅನ್ನುವುದು ಸರ್ಟಿಫಿಕೇಟ್ ಯಾರದು ಅನ್ನುವುದರ ಮೇಲೆ ನಿಂತಿದೆ. ಆದರೆ ಕಡ್ಡಾಯವಿಲ್ಲದಿದ್ದರೂ ಒಂದನ್ನು ಮಾಡಿಬಿಡಿ. ಸಂದರ್ಶನದಲ್ಲಿ ಕೇಳುವುದು ಅದನ್ನೇ.

ಬೆಲ್ಟ್‌ಗಳ ವಿಷಯ ಚುಟುಕಾಗಿ ಹೇಳುತ್ತೇನೆ. ವೈಟ್, ಯೆಲ್ಲೋ ಅಂದರೆ ಪರಿಚಯ ಮಾತ್ರ: ತಂಡದಲ್ಲಿ ಕೂತು ಡೇಟಾ ಬರೆದುಕೊಡುವಷ್ಟು. ಗ್ರೀನ್ ಬೆಲ್ಟ್‌ನವರು ತಮ್ಮ ದಿನದ ಕೆಲಸದ ಜೊತೆಗೇ ತಮ್ಮ ವಿಭಾಗದ ಪ್ರಾಜೆಕ್ಟ್ ನಡೆಸುತ್ತಾರೆ. ಬ್ಲ್ಯಾಕ್ ಬೆಲ್ಟ್ ಸಾಮಾನ್ಯವಾಗಿ ಪೂರ್ಣಾವಧಿಯ ಹುದ್ದೆ: ನಾಲ್ಕಾರು ವಿಭಾಗಕ್ಕೆ ಹಬ್ಬಿದ ಸಮಸ್ಯೆಗಳನ್ನು ಹಿಡಿಯುವುದು, ಗ್ರೀನ್ ಬೆಲ್ಟ್‌ನವರಿಗೆ ದಾರಿ ತೋರಿಸುವುದು. ಮಾಸ್ಟರ್ ಬ್ಲ್ಯಾಕ್ ಬೆಲ್ಟ್ ಇವರನ್ನೆಲ್ಲ ತಯಾರು ಮಾಡುವವರು.

ಎಎಸ್‌ಕ್ಯೂ ಸಂಸ್ಥೆಯ ಗ್ರೀನ್ ಬೆಲ್ಟ್ ಪರೀಕ್ಷೆಗೆ ಕೂರಲು ಸಂಬಂಧಪಟ್ಟ ಕೆಲಸದಲ್ಲಿ 3 ವರ್ಷದ ಅನುಭವ ಬೇಕು, ಪ್ರಾಜೆಕ್ಟ್ ಕೇಳುವುದಿಲ್ಲ. ನಿಮಗೆ 4 ವರ್ಷವಾಗಿದೆ, ಅಡ್ಡಿಯಿಲ್ಲ. ಅದೇ ಸಂಸ್ಥೆಯ ಬ್ಲ್ಯಾಕ್ ಬೆಲ್ಟ್‌ಗೆ ಸಹಿ ಮಾಡಿದ ಅಫಿಡವಿಟ್ ಸಮೇತ ಮುಗಿದ ಎರಡು ಪ್ರಾಜೆಕ್ಟ್ ಬೇಕು, ಇಲ್ಲವೇ ಒಂದು ಪ್ರಾಜೆಕ್ಟ್ ಮತ್ತು 3 ವರ್ಷದ ಅನುಭವ. ಐಎಎಸ್‌ಎಸ್‌ಸಿ ಅನ್ನುವ ಇನ್ನೊಂದು ಸಂಸ್ಥೆಯ ಪರೀಕ್ಷೆಗೆ ಎರಡೂ ಬೇಡ, ಓದಿ ಪಾಸಾದರೆ ಮುಗಿಯಿತು. ಕಂಪನಿಯೊಳಗೇ ಕೊಡುವ ಬೆಲ್ಟ್‌ಗೆ ಬಹುತೇಕ ಕಡೆ ಒಂದು ಪ್ರಾಜೆಕ್ಟ್ ಮುಗಿಸಿ, ಅಕೌಂಟ್ಸ್‌ನವರಿಂದ ಉಳಿತಾಯದ ಲೆಕ್ಕಕ್ಕೆ ಸಹಿ ಹಾಕಿಸಿರಬೇಕು.

ಎಂಥ ಪ್ರಾಜೆಕ್ಟ್ ಆರಿಸಬೇಕು ಅನ್ನುವಲ್ಲೇ ಹೆಚ್ಚಿನವರು ಎಡವುತ್ತಾರೆ. "ಒಟ್ಟು ರಿಜೆಕ್ಷನ್ ಅರ್ಧ ಮಾಡುವುದು" ಅಂತ ಹಿಡಿದರೆ ಫೌಂಡ್ರಿ, ಮೆಷಿನ್ ಶಾಪ್, ಅಸೆಂಬ್ಲಿ ಎಲ್ಲವೂ ಮೈಮೇಲೆ ಬೀಳುತ್ತವೆ, ವರ್ಷವಾದರೂ ಮುಗಿಯುವುದಿಲ್ಲ. ಒಂದು ಮಾಡೆಲ್, ಒಂದು ಮೆಷಿನ್, ಅಳೆಯಬಹುದಾದ ಒಂದು ಡೈಮೆನ್ಷನ್ ಹಿಡಿಯಿರಿ. ಇನ್ನೊಂದು ಎಚ್ಚರಿಕೆ: ಉತ್ತರ ಮೊದಲೇ ಗೊತ್ತಿದ್ದರೆ, ಉದಾಹರಣೆಗೆ ಹೊಸ ಫಿಕ್ಸ್ಚರ್ ತರಬೇಕು ಅಂತ ಆಗಲೇ ನಿರ್ಧಾರವಾಗಿದ್ದರೆ, ಅದು ಸಿಕ್ಸ್ ಸಿಗ್ಮಾ ಪ್ರಾಜೆಕ್ಟ್ ಅಲ್ಲ, ಖರೀದಿ.

ನಿಮ್ಮ ಕೆಲಸಕ್ಕೇ ಹೊಂದುವ ಕಾಲ್ಪನಿಕ ಲೆಕ್ಕವೊಂದನ್ನು ಕೊನೆಯವರೆಗೂ ಮಾಡಿ ನೋಡೋಣ. ಕಾರ್ಬನ್ ಸ್ಟೀಲ್ ಬಾಡಿ, ಸೀಟ್ ಪಾಕೆಟ್‌ನ ಬೋರ್ 62.00 ಮಿ.ಮೀ., ಟಾಲರೆನ್ಸ್ ಮೇಲೆ ಕೆಳಗೆ 0.03. ತಿಂಗಳಿಗೆ 900 ಬಾಡಿ. ಅಸೆಂಬ್ಲಿಯಲ್ಲಿ ಸೀಟ್ ಕೂರುತ್ತಿಲ್ಲ ಅಂತ ಸುಮಾರು 60 ವಾಪಸ್ ಬರುತ್ತವೆ, ಬೋರ್ ಚಿಕ್ಕದಾಗಿರುತ್ತದೆ. ಆದರೆ ಮೆಷಿನ್ ಪಕ್ಕದ ರಿಜಿಸ್ಟರ್‌ನಲ್ಲಿ ಎಲ್ಲ ಪೀಸೂ ಓಕೆ.

ಇಂಥ ಕಡೆ ಮೊದಲು ಅನುಮಾನ ಪಡಬೇಕಾದದ್ದು ಅಳತೆಯ ಮೇಲೆ. ರೂಢಿಯಂತೆ 10 ಪೀಸ್, 3 ಜನ, ತಲಾ 3 ಸಲ ಅಳೆದು ಗೇಜ್ ಆರ್ ಅಂಡ್ ಆರ್ ಮಾಡುತ್ತಾರೆ. ಅದನ್ನು ತಣ್ಣಗಿನ ಪೀಸ್ ಇಟ್ಟುಕೊಂಡು ಕ್ವಾಲಿಟಿ ರೂಮಿನಲ್ಲಿ ಮಾಡಿದರೆ ಚೆನ್ನಾಗಿಯೇ ಪಾಸಾಗುತ್ತದೆ, ರೋಗ ಮಾತ್ರ ಅಲ್ಲೇ ಉಳಿಯುತ್ತದೆ. ಆರ್ ಅಂಡ್ ಆರ್ ತೋರಿಸುವುದು ಅಳತೆ ಎಷ್ಟು ಚದುರುತ್ತದೆ ಅನ್ನುವುದನ್ನು. ಎಲ್ಲ ಅಳತೆಯೂ ಒಂದೇ ಕಡೆಗೆ ಸರಿದಿದ್ದರೆ ಅದರ ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಮೆಷಿನ್‌ನಿಂದ ಇಳಿಸಿದ ತಕ್ಷಣ 30 ಪೀಸ್‌ನ ಬೋರ್ ಅಳೆದು ನಂಬರ್ ಹಾಕಿ ಇಡಿ. ಪೂರ್ತಿ ಆರಿದ ಮೇಲೆ ಅವೇ ಪೀಸ್, ಅದೇ ಬೋರ್ ಗೇಜ್, ಅದೇ ಕೈ. ಎರಡು ಅಳತೆಗಳ ವ್ಯತ್ಯಾಸ ನಿಜವೋ ಆಕಸ್ಮಿಕವೋ ತಿಳಿಯಲು ಪೇರ್ಡ್ ಟೀ ಟೆಸ್ಟ್ ಹಾಕಿ. ಪೀಸ್ ಕೋಣೆಗಿಂತ 15 ಡಿಗ್ರಿ ಬಿಸಿಯಿದ್ದರೆ 62 ಮಿ.ಮೀ. ಉಕ್ಕಿನ ಬೋರ್ ಸುಮಾರು 0.011 ಮಿ.ಮೀ. ದೊಡ್ಡದಾಗಿ ತೋರುತ್ತದೆ, ಯಾಕೆಂದರೆ ಗೇಜ್ ಸೆಟ್ ಮಾಡಿದ ಮಾಸ್ಟರ್ ರಿಂಗ್ ತಣ್ಣಗೇ ಇರುತ್ತದೆ. ಆಪರೇಟರ್ ಬಿಸಿಯಲ್ಲೇ 62.000 ಬರುವಂತೆ ನೋಡಿ ಟೂಲ್ ಸರಿಸುವ ಆಫ್‌ಸೆಟ್ ಕೊಡುತ್ತಾನೆ, ಆರಿದ ಮೇಲೆ ಸರಾಸರಿ 61.988ರ ಆಸುಪಾಸಿಗೆ ಇಳಿಯುತ್ತದೆ. ಚದುರುವಿಕೆಯನ್ನು ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸಿಗ್ಮಾ, 0.012 ಇದ್ದರೆ ಕೆಳಗಿನ ಮಿತಿ ಬರೀ 1.5 ಸಿಗ್ಮಾ ದೂರ. ಅಂದರೆ 6.7 ಶೇಕಡಾ ಪೀಸ್ ಹೊರಗೆ, ಆ 60 ಇವೇ.

ಈಗ ಸರಾಸರಿಯನ್ನು 62.000ಕ್ಕೆ ತಂದುಬಿಟ್ಟರೆ ರಿಜೆಕ್ಷನ್ 1.2 ಶೇಕಡಾಕ್ಕೆ ಇಳಿಯುತ್ತದೆ. ಇಲ್ಲಿಗೇ ಸಂತೋಷಪಟ್ಟು ಪ್ರೆಸೆಂಟೇಷನ್ ಮಾಡುವವರೇ ಬಹಳ. ಅಕೌಂಟ್ಸ್‌ನವರ ಹತ್ತಿರ ಕೂತು ಹಣದ ಲೆಕ್ಕ ಹಾಕಿ ನೋಡಿ. ಚಿಕ್ಕ ಬೋರನ್ನು ಮತ್ತೆ ಹೊಡೆಯಬಹುದು. ಒಂದು ರೀವರ್ಕ್‌ಗೆ 300 ರೂಪಾಯಿ ಅಂದುಕೊಂಡರೆ ಮೊದಲಿನ ಖರ್ಚು ತಿಂಗಳಿಗೆ 18,000ದ ಮೇಲೆ. ದೊಡ್ಡದಾದ ಬೋರ್ ನೇರ ಸ್ಕ್ರ್ಯಾಪ್, ಬಾಡಿಯೊಂದಕ್ಕೆ 3,000 ಅನ್ನಿ. ಸರಾಸರಿ ನಡುವಿಗೆ ಬಂದಾಗ ತಿಂಗಳಿಗೆ ಐದಾರು ಚಿಕ್ಕವು, ಐದಾರು ದೊಡ್ಡವು. ಒಟ್ಟು ಖರ್ಚು ಮತ್ತೆ ಹೆಚ್ಚುಕಡಿಮೆ 18,000! ಶೇಕಡಾವಾರು ಇಳಿಯಿತು, ದುಡ್ಡು ಉಳಿಯಲಿಲ್ಲ. ಹಳೆಯ ಆಪರೇಟರ್‌ಗಳು ಬೇಕಂತಲೇ ಕೆಳಗೆ ಹಿಡಿಯುವುದು ಇದಕ್ಕೇ, ಅವರನ್ನು ಬೈಯುವ ಮೊದಲು ಈ ಲೆಕ್ಕ ಮಾಡಿ.

ಚದುರುವಿಕೆ ಕಡಿಮೆಯಾಗುವವರೆಗೆ ಗುರಿಯನ್ನು 61.994ಕ್ಕೆ ಇಟ್ಟರೆ ರೀವರ್ಕ್ ಇಪ್ಪತ್ತು, ಸ್ಕ್ರ್ಯಾಪ್ ಒಂದೋ ಎರಡೋ. ಖರ್ಚು ಹತ್ತು ಸಾವಿರದ ಆಸುಪಾಸಿಗೆ ಬರುತ್ತದೆ. ಆಮೇಲೆ ಚದುರುವಿಕೆಯ ಮೂಲ ಹುಡುಕಿ. ಬೋರಿಂಗ್ ಇನ್ಸರ್ಟ್ ಸವೆದಂತೆ ಬೋರ್ ಚಿಕ್ಕದಾಗುತ್ತ ಹೋಗುತ್ತದೆ, ಪೀಸ್‌ಗಳ ಅಳತೆಯನ್ನು ಬಂದ ಕ್ರಮದಲ್ಲೇ ಚಾರ್ಟ್‌ಗೆ ಹಾಕಿದರೆ ಇಳಿಜಾರು ತಾನಾಗಿ ಕಾಣುತ್ತದೆ. ಇಂತಿಷ್ಟು ಪೀಸ್‌ಗೆ ಆಫ್‌ಸೆಟ್, ಇಂತಿಷ್ಟಕ್ಕೆ ಇನ್ಸರ್ಟ್ ಬದಲು ಅಂತ ನಿಗದಿ ಮಾಡಿ ಡೀವಿಯೇಷನ್ 0.009ಕ್ಕೆ ಬಂದರೆ ಗುರಿಯನ್ನು ಧೈರ್ಯವಾಗಿ ನಡುವಿಗೆ ತನ್ನಿ. ಆಗ ಎರಡೂ ಕಡೆ ಸೇರಿ ತಿಂಗಳಿಗೆ ಒಂದು ಪೀಸ್ ಹೋದರೆ ಹೆಚ್ಚು. ಬಿಸಿಯ ಸಮಸ್ಯೆಗೆ ಈಗ ಇಳಿಸಿದ ಪೀಸ್ ಬಿಟ್ಟು ಆರಿದ ಹಿಂದಿನ ಪೀಸ್ ಅಳೆಯುವ ಪದ್ಧತಿ ಸಾಕು. "ಬಿಸಿಯಲ್ಲಿ 0.011 ಕಳೆದು ನೋಡು" ಅನ್ನುವ ಅಡ್ಡದಾರಿ ಬೇಡ, ಪೀಸ್ ಎಷ್ಟು ಬಿಸಿ ಅನ್ನುವುದು ಬೆಳಗಿನ ಮೊದಲ ಪೀಸಿಗೂ ಮಧ್ಯಾಹ್ನದ ಪೀಸಿಗೂ ಒಂದೇ ಇರುವುದಿಲ್ಲ. ಕನಿಷ್ಠ 3 ತಿಂಗಳು ಚಾರ್ಟ್ ನಿಂತ ಮೇಲೆ ಪ್ರಾಜೆಕ್ಟ್ ಮುಚ್ಚಿ.

ಗಮನಿಸಿ, ಇಷ್ಟರಲ್ಲಿ ಬ್ಲ್ಯಾಕ್ ಬೆಲ್ಟ್‌ನ ಭಾರೀ ಹತಾರ ಒಂದೂ ಬೇಕಾಗಲಿಲ್ಲ. ಹುಬ್ಬಳ್ಳಿ-ಧಾರವಾಡದ ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿ ಕ್ವಾಲಿಟಿ, ಪ್ರೊಡಕ್ಷನ್, ಸಪ್ಲೈಯರ್ ಕ್ವಾಲಿಟಿಯ ಸಮಸ್ಯೆಗಳು ಹೆಚ್ಚಾಗಿ ಇದೇ ಮಟ್ಟದವು. ಕ್ವಾಲಿಟಿ ಮ್ಯಾನೇಜರ್ ಆಗುವವರೆಗೂ ಗ್ರೀನ್ ಸಾಕು. ನಿಮ್ಮ ಕ್ಷೇತ್ರದಲ್ಲಿ ಅದರ ಜೊತೆಗೆ ವಾಲ್ವ್ ಪರೀಕ್ಷೆಯ ಮಾನದಂಡ ಎಪಿಐ 598 ಮತ್ತು ಪೈಪ್‌ಲೈನ್ ವಾಲ್ವ್‌ಗಳ ಮಾನದಂಡ ಎಪಿಐ 6ಡಿ ಚೆನ್ನಾಗಿ ಬಲ್ಲವರಿಗೆ, ವಾಹನ ಬಿಡಿಭಾಗಗಳ ಕಡೆ ಹೋಗುವುದಾದರೆ ಅಲ್ಲಿನ ಗುಣಮಟ್ಟದ ಮಾನದಂಡ ಐಎಟಿಎಫ್ 16949, ಬಿಡಿಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯುವ ಪದ್ಧತಿ ಪಿಪಿಎಪಿ ಬಲ್ಲವರಿಗೆ, ಬರೀ ಬ್ಲ್ಯಾಕ್ ಬೆಲ್ಟ್ ಕಾಗದಕ್ಕಿಂತ ಹೆಚ್ಚು ಬೆಲೆ ಅಂತ ನನ್ನ ಅಭಿಪ್ರಾಯ.

ಬ್ಲ್ಯಾಕ್ ಯಾವಾಗ? ಸುಧಾರಣೆಯೇ ಪೂರ್ಣಾವಧಿ ಕೆಲಸವಾಗಿರುವ ದೊಡ್ಡ ಕಂಪನಿಗೆ ಅರ್ಜಿ ಹಾಕುವಾಗ, ಇಲ್ಲವೇ ಐದಾರು ಕಾರಣ ಒಟ್ಟಿಗೆ ಕೂಡಿ ಕೆಡಿಸುವ ಪ್ರಕ್ರಿಯೆ, ಅಂದರೆ ಕಾಸ್ಟಿಂಗ್, ಹೀಟ್ ಟ್ರೀಟ್‌ಮೆಂಟ್‌ನಂಥದ್ದು, ನಿಮ್ಮ ಜವಾಬ್ದಾರಿಗೆ ಬಂದಾಗ. ಅಲ್ಲಿ ಹಲವು ಕಾರಣಗಳನ್ನು ಒಟ್ಟಿಗೆ ಬದಲಿಸಿ ಪರೀಕ್ಷಿಸುವ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್ ಆಳವಾಗಿ ಗೊತ್ತಿರಲೇಬೇಕು. ಆ ದಿನಕ್ಕಾಗಿ ಈಗಿನ ಪ್ರಾಜೆಕ್ಟ್‌ನ ಚಾರ್ಟರ್, ಮೊದಲಿನ ಮತ್ತು ನಂತರದ ಡೇಟಾ, ಉಳಿತಾಯದ ಹಾಳೆ ಎತ್ತಿಟ್ಟುಕೊಳ್ಳಿ. ಮ್ಯಾನೇಜರ್ ಸಹಿಯನ್ನು ಪ್ರಾಜೆಕ್ಟ್ ಮುಗಿದ ವಾರವೇ ಪಡೆಯಿರಿ. ಅವರು ಕೆಲಸ ಬಿಟ್ಟುಹೋದ ಮೇಲೆ ಅಫಿಡವಿಟ್‌ಗಾಗಿ ಹುಡುಕಿಕೊಂಡು ಅಲೆಯುವುದು ಬೇಡ.