ಸಿರಿಧಾನ್ಯದ ಮೆನುವಿನಲ್ಲಿ ಏನು ಬರೆಯಬಹುದು?

ನಮ್ಮ ಹೋಂಸ್ಟೇಗೆ ಸಿರಿಧಾನ್ಯದ ಮೆನು ಮಾಡ್ತಿದ್ದೀವಿ. ‘ಶುಗರ್ ಕಡಿಮೆ ಮಾಡುತ್ತೆ’, ‘ಗ್ಲುಟನ್ ಇಲ್ಲ’ ಅಂತ ಹಾಕಬಹುದಾ?

ಮೊದಲನೆಯದು ಬೇಡ. ಅದು ಔಷಧಿಯ ಮಾತು. ರಾಗಿ, ನವಣೆಯಲ್ಲೂ ಪಿಷ್ಟವೇ ಜಾಸ್ತಿ. ಬೆಲ್ಲ ಹಾಕಿದ ರಾಗಿ ಮಾಲ್ಟ್ ಕುಡಿದರೆ ಶುಗರ್ ಏರುತ್ತದೆ, ಅಲ್ವಾ?

ಎರಡನೆಯದರಲ್ಲಿ ಎಡವುವವರು ಜಾಸ್ತಿ. ಗ್ಲುಟನ್ ಅಂದರೆ ಗೋಧಿಯಲ್ಲಿರುವ ಪ್ರೋಟೀನ್; ನವಣೆಯಲ್ಲಿ ಅದು ಇಲ್ಲ, ನಿಜ. ಆದರೆ ನವಣೆ ಬಿಸಿಬೇಳೆಬಾತ್‌ಗೆ ಒಂದು ಚಿಟಿಕೆ ಇಂಗು ಬೀಳುತ್ತದಲ್ಲ, ಆ ಡಬ್ಬಿ ತಿರುಗಿಸಿ ಓದಿ. ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಗ್ಲುಟನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಅಷ್ಟು ಕೂಡ ಆಗಿಬರುವುದಿಲ್ಲ. ಚಪಾತಿ ಲಟ್ಟಿಸಿದ ಮಣೆ ಮೇಲೇ ರಾಗಿ ರೊಟ್ಟಿ ತಟ್ಟಿದರೂ ಅದೇ ಕಥೆ.

ಹಾಗಾಗಿ ಸುಮ್ನೆ ತಟ್ಟೆಯಲ್ಲಿ ಇರುವುದನ್ನೇ ಬರೆಯಿರಿ: ‘ನವಣೆ ಬಿಸಿಬೇಳೆಬಾತ್. ಅಕ್ಕಿ ಹಾಕಿಲ್ಲ. ತೊಗರಿಬೇಳೆ, ತರಕಾರಿ, ತುಪ್ಪ ಇದೆ. ಇಂಗಿನಲ್ಲಿ ಗೋಧಿ ಇದೆ. ನಮ್ಮ ಅಡುಗೆಮನೆಯಲ್ಲಿ ಗೋಧಿಯನ್ನೂ ಬಳಸುತ್ತೇವೆ.’ ಮುದ್ದೆಯ ಪಕ್ಕ ‘ರಾಗಿಯಲ್ಲಿ ಅಕ್ಕಿಗಿಂತ ಕ್ಯಾಲ್ಸಿಯಂ, ನಾರು ಜಾಸ್ತಿ’ ಅನ್ನಬಹುದು, ಅದು ನಿಜ. ‘ಮೂಳೆ ಗಟ್ಟಿಯಾಗುತ್ತೆ’ ಅನ್ನಬೇಡಿ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ಅದು ಪೂರ್ತಿ ಮೈಗೆ ಹತ್ತುವುದಿಲ್ಲ.

ಅಂದಹಾಗೆ, ಮುದ್ದೆ ರೂಢಿ ಇಲ್ಲದವರಿಗೆ ನಿಂಬೆಗಾತ್ರದ್ದು ಸಾಕು. ಬೇಕಾದರೆ ಇನ್ನೊಂದು ಬಡಿಸಿ.