ಕಸೂತಿ ಬ್ಯಾಗ್‌ಗೆ ಬಾರ್‌ಕೋಡ್ ಎಲ್ಲಿಂದ ತರೋದು?

ಪ್ರಶ್ನೆ: ಧಾರವಾಡದಲ್ಲಿ ಮನೆಯಲ್ಲೇ ಕಸೂತಿ ಬ್ಯಾಗ್ ಮಾಡ್ತೀನಿ. ಅಮೆಜಾನ್‌ನಲ್ಲಿ ಹಾಕಲು ಹೋದರೆ ಬಾರ್‌ಕೋಡ್ ನಂಬರ್ ಕೇಳುತ್ತಿದೆ. ಕೊಳ್ಳಲೇಬೇಕಾ?

ಉತ್ತರ: ಬೇಡ, ವಿನಾಯಿತಿ ಕೇಳಿ.

ಬಾರ್‌ಕೋಡ್ ಗೆರೆಗಳಲ್ಲಿ ಬೆಲೆ ಇರುವುದಿಲ್ಲ. ಇರುವುದು ಸಾಮಾನ್ಯವಾಗಿ 13 ಅಂಕಿಯ ಒಂದು ನಂಬರ್ ಅಷ್ಟೇ. ಅದನ್ನೇ ಜಿಟಿಐಎನ್ ಅನ್ನುತ್ತಾರೆ. ಬಿಸ್ಕತ್ ಪ್ಯಾಕೆಟ್ ತಿರುಗಿಸಿ ನೋಡಿ, 890ರಿಂದ ಶುರುವಾಗಿರಬಹುದು. ಅದರರ್ಥ ಭಾರತದಲ್ಲಿ ತಯಾರಾಗಿದ್ದು ಅಂತಲ್ಲ, ಕಂಪನಿ ಈ ನಂಬರ್‌ಗಳನ್ನು ಕೊಡುವ ಜಿಎಸ್1 ಇಂಡಿಯಾ ಸಂಸ್ಥೆಯಲ್ಲಿ ನಂಬರ್ ಪಡೆದಿದೆ ಅಂತ. ಒಂದೇ ಬಿಸ್ಕತ್ತನ್ನು ನೂರು ಜನ ಮಾರುವಾಗ ಎಲ್ಲರದ್ದೂ ಒಂದೇ ಪುಟಕ್ಕೆ ಸೇರಲಿ ಅಂತ ಆ ನಂಬರ್ ಕೇಳುತ್ತಾರೆ. ನಿಮ್ಮ ಬ್ಯಾಗ್ ಮಾರುವವರು ನೀವೊಬ್ಬರೇ ಅಲ್ವಾ?

ಅಮೆಜಾನ್ ಮಾರಾಟಗಾರರ ತಾಣ ಸೆಲ್ಲರ್ ಸೆಂಟ್ರಲ್‌ನಲ್ಲಿ "Apply for GTIN exemption" ತೆರೆಯಿರಿ. ವಿಭಾಗ ಆರಿಸಿ. ಸ್ವಂತ ಬ್ರ್ಯಾಂಡ್ ಇಲ್ಲದಿದ್ದರೆ ಬ್ರ್ಯಾಂಡ್ ಜಾಗದಲ್ಲಿ `Generic` ಅಂತ ಬರೆಯಿರಿ. ಬ್ಯಾಗ್ ಮತ್ತು ಪ್ಯಾಕಿಂಗ್‌ನ ಎಲ್ಲ ಬದಿಯ ಫೋಟೋ ಹಾಕಿ. ಬ್ರ್ಯಾಂಡ್ ಹೆಸರು ಕೊಟ್ಟರೆ ಅದು ಬ್ಯಾಗಿನ ಮೇಲೋ ಪ್ಯಾಕಿಂಗ್ ಮೇಲೋ ಅಚ್ಚಾಗಿರಬೇಕು, ಇಲ್ಲವೇ ಹೊಲಿದಿರಬೇಕು. ಸುಮ್ನೆ ಚೀಟಿ ಇಟ್ಟು ಫೋಟೋ ತೆಗೆದರೆ ತಿರಸ್ಕರಿಸುತ್ತಾರೆ. ಈ ವಿನಾಯಿತಿ ಆ ಬ್ರ್ಯಾಂಡ್, ಆ ವಿಭಾಗಕ್ಕೆ ಮಾತ್ರ. ನಾಳೆ ದಿಂಬಿನ ಕವರ್ ಮಾಡಿದರೆ ಮತ್ತೆ ಕೇಳಬೇಕು.

ನಿಮ್ಮ ಲೆಕ್ಕಕ್ಕೆ ಎಸ್‌ಕೆಯು, ಅಂದರೆ ಪ್ರತಿ ಬಗೆಯ ಬ್ಯಾಗ್‌ಗೂ ಒಂದು ಗುರುತಿನ ಕೋಡ್, ನೀವೇ ಇಟ್ಟುಕೊಳ್ಳಿ. ಗೋಪುರ ವಿನ್ಯಾಸದ ಕೆಂಪು ಬ್ಯಾಗ್‌ಗೆ `BAG-GOPURA-RED` ಸಾಕು.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ನಂಬರ್ ಮಾತ್ರ ಕೊಳ್ಳಬೇಡಿ. ನಾನು ಹಾಗೆ ಹತ್ತು ಕೊಂಡಿದ್ದೆ. ನಂಬರ್ ಬೇರೆ ಯಾರದೋ ಕಂಪನಿ ಹೆಸರಲ್ಲಿತ್ತು, ನನ್ನ ಪುಟಗಳನ್ನೇ ತೆಗೆದುಹಾಕಿದರು. ಮುಂದೆ ಹುಬ್ಬಳ್ಳಿಯ ಸೂಪರ್‌ಮಾರ್ಕೆಟ್ ಕೌಂಟರಿನಲ್ಲಿ ಸ್ಕ್ಯಾನ್ ಆಗಬೇಕು ಅಂದಾಗ ಜಿಎಸ್1 ಇಂಡಿಯಾದಿಂದಲೇ ತಗೊಳ್ಳಿ.