ರಾಜೀನಾಮೆ ಪತ್ರದಲ್ಲಿ ತಾರೀಖೇ ಮುಖ್ಯ

“ಖಾಸಗಿ ಹೈಸ್ಕೂಲಲ್ಲಿ ವಿಜ್ಞಾನ ಟೀಚರ್. ಆಗಸ್ಟ್ 1ಕ್ಕೆ ಪಿಎಚ್‌ಡಿಗೆ ಸೇರಬೇಕು, ಜೆಆರ್‌ಎಫ್ ಫೆಲೋಶಿಪ್ ಇದೆ. ರಾಜೀನಾಮೆ ಹೇಗೆ ಬರೆಯಲಿ?”

ಕಾರಣ ಒಂದೇ ಸಾಲು ಸಾಕು, ಬಿಡುಗಡೆಯ ತಾರೀಖು ಮಾತ್ರ ಸ್ಪಷ್ಟವಾಗಿರಲಿ. ಫೆಲೋಶಿಪ್ ಜೊತೆ ಶಾಲೆಯ ಸಂಬಳ ತಗೊಳ್ಳುವಂತಿಲ್ಲ, ಹಾಗಾಗಿ ಜುಲೈ 31ಕ್ಕೇ ಬಿಡುಗಡೆ ಆಗಿರಬೇಕು. ನೇಮಕಾತಿ ಆದೇಶದಲ್ಲಿ ತಿಂಗಳ ನೋಟಿಸ್ ಅಂತಿದ್ದರೆ ಜೂನ್ 30ರೊಳಗೆ ಪತ್ರ ಕೊಡಿ. ಹೀಗೆ ಬರೆಯಬಹುದು:

“ಪೂರ್ಣಾವಧಿ ಪಿಎಚ್‌ಡಿಗೆ ಸೇರುತ್ತಿರುವುದರಿಂದ ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಜುಲೈ 31ರ ಅಪರಾಹ್ನ ಕರ್ತವ್ಯದಿಂದ ಬಿಡುಗಡೆಗೊಳಿಸಿ, ಬಿಡುಗಡೆ ಪತ್ರ, ಅನುಭವ ಪ್ರಮಾಣಪತ್ರ ಹಾಗೂ ನನ್ನ ಮೂಲ ಅಂಕಪಟ್ಟಿಗಳನ್ನು ನೀಡಬೇಕೆಂದು ಕೋರುತ್ತೇನೆ.”

ಅಂಕಪಟ್ಟಿ ಶಾಲೆಯಲ್ಲಿಲ್ಲದಿದ್ದರೆ ಆ ಮಾತು ಬಿಡಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ, ಮೊಹರು, ತಾರೀಖು ಹಾಕಿಸಿಕೊಳ್ಳಿ. ನಾನು ಹಾಕಿಸಿರಲಿಲ್ಲ, ಮೂರು ವಾರ ಬಿಟ್ಟು ಹೋದರೆ “ಪತ್ರವೇ ಬಂದಿಲ್ಲವಲ್ಲ ಮೇಡಂ” ಅಂದರು.